ಪಕ್ಕದಂಗಡಿಯವನು ಚಹಾಕ್ಕೆ ಹೋದ

“ಆಟ ಭಾಳ ಚೆನ್ನಾಗಿದೆ ಮೇಡಂ. ಆದ್ರೆ ಒಬ್ರೇ ಆಡೋಕೆ ಬರಲ್ವಲ್ಲ?”

ಬಸವಪ್ರಸಾದ್ ಮೈಸೂರಿನಿಂದ ಫೋನಿನಲ್ಲಿ ಹೀಗೆಂದಾಗ ಪವಿತ್ರಾ ಹುಣಸೂರಿನ ತನ್ನ ಅಂಗಡಿಯಲ್ಲಿ ಕೂತು ಕಟ್ಟೆಮಳಲವಾಡಿಯವರ ಮದುವೆ ಪತ್ರಿಕೆಯ ಪ್ರೂಫ್ ತಿದ್ದುತ್ತಿದ್ದಳು. ‘ತಮ್ಮ ಸುಖಾಗಮನ ಬಯಸುವವರು’ ಎಂಬ ಪಟ್ಟಿಯಲ್ಲಿ ನಲವತ್ತೊಂದು ಹೆಸರಿದ್ದವು. ನಲವತ್ತೆರಡನೆಯವರು ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, ತಮ್ಮ ಹೆಸರು ಯಾಕಿಲ್ಲ ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು.

“ಒಬ್ರೇ ಯಾಕ್ ಸರ್ ಆಡ್ತಾರೆ?” ಎಂದಳು ಪವಿತ್ರಾ.

“ಆಡ್ತಾರೆ ಮೇಡಂ, ಈಗ ಅದೇ ಜಾಸ್ತಿ. ಡಬ್ಬಿ ತಗೊಂಡ ತಕ್ಷಣ ಜನ ಹಿಂದೆ ತಿರುಗಿಸಿ ನೋಡೋದೇ ಒಂದರಿಂದ ಎಷ್ಟು ಜನ ಅಂತ. ‘ಇಬ್ಬರಿಗೆ’ ಅಂತ ಇದ್ರೆ ಕೆಳಗಿಡ್ತಾರೆ. ಮನೇಲಿ ಇನ್ನೊಬ್ರನ್ನ ಆಟಕ್ಕೆ ಕೂರ್ಸೋದು ಅಷ್ಟು ಸುಲಭ ಅಂದ್ಕೊಂಡ್ರಾ? ಸೋಲೋ ಮೋಡ್ ಒಂದು ಮಾಡಿಕೊಡಿ, ಅಚ್ಚಿಗೆ ಹಾಕೋಣ. ದೊಡ್ಡದೇನೂ ಬೇಡ. ಒಂದಷ್ಟು ಕಾರ್ಡು. ಅದೇ ಎದುರಾಳಿ. ಕಾರ್ಡು ತಿರುಗಿಸಿದ್ರೆ ಅದು ತನ್ನ ನಡೆ ನಡೀಬೇಕು, ಅಷ್ಟೇ.”

ಬಸವಪ್ರಸಾದ್ ಮೈಸೂರಿನಲ್ಲಿ ಸಣ್ಣದೊಂದು ಬೋರ್ಡ್ ಗೇಮ್ ಕಂಪನಿ ಇಟ್ಟುಕೊಂಡಿದ್ದ. ವರ್ಷಕ್ಕೆ ಎರಡು ಆಟ ತರುತ್ತಿದ್ದ. ಈ ಸಲ ಆ ಎರಡರಲ್ಲೊಂದು ಪವಿತ್ರಾಳ ‘ಸಂತೆ ಸಾಲು’ ಆಗುವ ಲಕ್ಷಣವಿತ್ತು. ಅವಳು ಎರಡು ವರ್ಷ ಕೂತು ಕಟ್ಟಿದ ಆಟ ಅದು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಅಂತರಸಂತೆ ಊರಿನ ವಾರದ ಸಂತೆಗೆ ಹೋದಾಗ, ಮೂಟೆ ಇಳಿಸುವ ಜಾಗಕ್ಕಾಗಿ ವ್ಯಾಪಾರದವರು ಬೆಳಿಗ್ಗೆಯೇ ಕಿತ್ತಾಡುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದನ್ನೇ ಹಲಗೆಯ ಮೇಲೆ ತಂದಿದ್ದಳು. ಎಡದಿಂದ ಬಲಕ್ಕೆ ಐದು ಸಾಲು: ರಾಗಿ, ತರಕಾರಿ, ತೆಂಗಿನಕಾಯಿ, ವೀಳ್ಯದೆಲೆ, ಶುಂಠಿ. ಸಾಲಿಗೆ ಐದು ಜಾಗ. ಒಬ್ಬೊಬ್ಬರಿಗೂ ಹನ್ನೆರಡು ಮೂಟೆ. ಸರದಿ ಬಂದಾಗ ಯಾವುದಾದರೂ ಸಾಲಿನಲ್ಲಿ ಒಂದು ಮೂಟೆ ಇಡಬೇಕು. ಕೊನೆಗೆ ಯಾರ ಮೂಟೆ ಹೆಚ್ಚಿದೆಯೋ ಆ ಸಾಲು ಅವರದು. ರಾಗಿಗೆ ಎರಡು ಅಂಕ, ತರಕಾರಿಗೂ ತೆಂಗಿಗೂ ಮೂರು ಮೂರು, ಎಲೆಗೆ ನಾಲ್ಕು, ಶುಂಠಿಗೆ ಐದು. ಒಟ್ಟು ಹದಿನೇಳು. ಇಷ್ಟೇ ಆಟ, ಆದರೆ ಆಡಲು ಕೂತ ಇಬ್ಬರು ಹತ್ತು ನಿಮಿಷದಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕೂರುತ್ತಿದ್ದರು.

“ಆಯ್ತು ಸರ್, ಮಾಡ್ತೀನಿ” ಎಂದುಬಿಟ್ಟಳು ಪವಿತ್ರಾ. ಹದಿನೈದು ದಿನದ ಕೆಲಸ ಎಂದುಕೊಂಡಳು. ನಲವತ್ತೆರಡನೆಯವರ ಹೆಸರನ್ನು ಹದಿನಾರನೆಯವರ ಪಕ್ಕದಲ್ಲಿ ತೂರಿಸಿ ಅವರನ್ನು ಸಮಾಧಾನಪಡಿಸಿ ಕಳಿಸಿದಳು.

ಎದುರಾಳಿ ಎಂದರೆ ಯೋಚನೆ ಮಾಡಬೇಕಲ್ಲ ಎಂಬುದು ಅವಳ ಮೊದಲ ತಪ್ಪು. ತಾನು ಆಡುವಾಗ ಏನೇನು ಲೆಕ್ಕ ಹಾಕುತ್ತೇನೋ ಅದನ್ನೆಲ್ಲ ಎದುರಾಳಿಯೂ ಹಾಕಬೇಕು ಎಂದು ಮೂರು ಪುಟ ಬರೆದಳು. ಅದರಲ್ಲಿ ‘ಒಂದು ವೇಳೆ’ ಎಂಬ ಮಾತು ಇಪ್ಪತ್ತೆರಡು ಕಡೆ ಬಂತು. ಒಂದು ವೇಳೆ ಶುಂಠಿ ಸಾಲಿನಲ್ಲಿ ಆಟಗಾರನ ಎರಡು ಮೂಟೆ ಇದ್ದು, ಒಂದು ವೇಳೆ ಎಲೆ ಸಾಲಿನಲ್ಲಿ ಒಂದೇ ಜಾಗ ಉಳಿದಿದ್ದು, ಒಂದು ವೇಳೆ ಅದಕ್ಕೂ ಹಿಂದಿನ ಸರದಿಯಲ್ಲಿ... ಹೀಗೆ. ಭಾನುವಾರ ಗಂಡ ಚಲುವರಾಜು ಮನೆಯಲ್ಲಿದ್ದಾಗ ಅವನ ಮುಂದೆ ಹಲಗೆ ಹಾಸಿ, ಮೂರು ಪುಟ ಕೈಗೆ ಕೊಟ್ಟು, “ಆಡಿ, ನಾನೇನೂ ಮಾತಾಡಲ್ಲ” ಎಂದಳು.

ಚಲುವರಾಜು ಬಸ್ ಕಂಡಕ್ಟರ್. ಅರವತ್ತು ಜನ ತುಂಬಿದ ಬಸ್ಸಿನಲ್ಲಿ ಯಾರು ಎಲ್ಲಿ ಹತ್ತಿದರು, ಯಾರು ಟಿಕೆಟ್ ತಗೊಂಡಿಲ್ಲ ಎಂದು ಒಂದು ನೋಟದಲ್ಲಿ ಹೇಳಬಲ್ಲ ಮನುಷ್ಯ. ಅವನು ತನ್ನ ಮೂಟೆಯನ್ನು ಎರಡು ಸೆಕೆಂಡಿನಲ್ಲಿ ಇಟ್ಟ. ಎದುರಾಳಿಯ ಮೂಟೆ ಎಲ್ಲಿ ಇಡಬೇಕು ಎಂದು ಹುಡುಕಲು ಹನ್ನೊಂದು ನಿಮಿಷ ತಗೊಂಡ. ಎರಡನೇ ಪುಟದ ಮಧ್ಯದಲ್ಲಿ ಬೆರಳಿಟ್ಟುಕೊಂಡು ತಲೆಯೆತ್ತಿದ.

“ನಾನ್ ಆಟ ಆಡ್ತಿದೀನಾ, ಇವನ ಗುಮಾಸ್ತ ಆಗಿದೀನಾ?”

“ಅವನು ಬುದ್ಧಿವಂತ ಕಣ್ರೀ. ಅದಕ್ಕೆ ಟೈಮ್ ಆಯ್ತದೆ.”

“ಬುದ್ಧಿ ಅವನ್ದು, ಬೆವರು ನಂದು. ಯಾಕ್ ಬೇಕು?” ಚಲುವರಾಜು ಪುಟಗಳನ್ನು ಕೆಳಗಿಟ್ಟ. “ಅವನು ಏನ್ ಯೋಚ್ನೆ ಮಾಡ್ತಾನೆ ಅನ್ನೋದು ಕಟ್ಕೊಂಡು ನಂಗೇನಾಗ್ಬೇಕು ಕಣೇ? ಬಸ್ನಲ್ಲಿ ನೋಡಿಲ್ವಾ ನೀನು? ನಾವು ಕೂರ್ಬೇಕು ಅಂತಿದ್ದ ಸೀಟ್ನಲ್ಲಿ ಯಾವನೋ ಬಂದು ಕೂತ್ರೆ ಮೈಯೆಲ್ಲ ಉರೀತದೆ. ಅವನು ಯಾಕೆ ಕೂತ, ಎಲ್ಲಿಗೋಗ್ತಾನೆ, ಯಾರಾದ್ರೂ ಕೇಳ್ತಾರಾ? ಕೂತ್ನಲ್ಲ, ಅಷ್ಟೇ ಸಿಟ್ಟು.”

ಹೇಳಿ ಅವನು ಸ್ನಾನಕ್ಕೆ ಹೋದ. ಪವಿತ್ರಾ ಮಾತ್ರ ಅಲ್ಲೇ ಕೂತಿದ್ದಳು. ಎರಡು ವರ್ಷದಲ್ಲಿ ಅವನು ಈ ಆಟದ ಬಗ್ಗೆ ಆಡಿದ ಮೊದಲ ಉಪಯೋಗದ ಮಾತು ಅದು. ಹೌದಲ್ಲ; ಎದುರಾಳಿ ತಾನು ಗೆಲ್ಲಲು ಲೆಕ್ಕ ಹಾಕಬೇಕಾಗಿಲ್ಲ. ಆಡುವವನಿಗೆ ಬೇಕಾದ ಜಾಗದಲ್ಲಿ ಆಗಾಗ ಬಂದು ಕೂತರೆ ಸಾಕು. ಒಳಗೆ ತಲೆಯೇ ಇಲ್ಲದಿದ್ದರೂ ಹೊರಗಿನಿಂದ ತಲೆ ಇದ್ದವನ ಹಾಗೆ ಕಂಡರಾಯಿತು.

ಮೂರು ಪುಟ ಹರಿದು ಹಾಕಿ ಹದಿನೈದು ಕಾರ್ಡು ಮಾಡಿದಳು. ಐದು ಕಾರ್ಡು ‘ಅಡ್ಡಗಾಲು’: ಆಟಗಾರನ ಮೂಟೆ ಎಲ್ಲಿ ಹೆಚ್ಚಿದೆಯೋ ಆ ಸಾಲಿನಲ್ಲಿ ಎದುರಾಳಿಯದೊಂದು ಮೂಟೆ ಇಡು. ಐದು ಕಾರ್ಡು ‘ಗಟ್ಟಿ’: ಎದುರಾಳಿಯ ಸ್ವಂತ ಮೂಟೆ ಎಲ್ಲಿ ಹೆಚ್ಚಿದೆಯೋ ಅಲ್ಲೇ ಇನ್ನೊಂದು ಇಡು. ಉಳಿದ ಐದರಲ್ಲಿ ಒಂದೊಂದು ಸಾಲಿನ ಹೆಸರು. ಕಲಸಿ, ಮೂರನ್ನು ನೋಡದೆ ಪಕ್ಕಕ್ಕಿಡಬೇಕು. ಆಗ ಯಾವುದು ಹೋಯಿತು ಯಾವುದು ಉಳಿಯಿತು ಎಂದು ಎಣಿಸಿಕೊಂಡು ಕೂರಲು ಆಗುವುದಿಲ್ಲ. ಉಳಿದ ಹನ್ನೆರಡು ಮುಗಿದಾಗ ಆಟ ಮುಗಿಯಿತು.

ಕಾರ್ಡಿಗೆ ಬೇಕಾದ ದಪ್ಪ ಕಾಗದ ಅಂಗಡಿಯಲ್ಲಿ ಧಾರಾಳವಾಗಿತ್ತು. ಮಿಕ್ಕ ಮದುವೆ ಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಬರೆದಳು. ಮೊದಲ ಕಟ್ಟನ್ನು ಚಲುವರಾಜು ಒಂಬತ್ತು ಸಲ ಸತತವಾಗಿ ಗೆದ್ದ. ಪವಿತ್ರಾಳಿಗೆ ಆಶ್ಚರ್ಯ. ಹತ್ತನೆಯ ಸಲ ಕೇಳಿದಾಗ ಬಾಯಿಬಿಟ್ಟ: “ಬೆನ್ನಲ್ಲಿ ‘ಚಿ. ಸೌ.’ ಇದ್ರೆ ಅಡ್ಡಗಾಲು. ‘ಚಿ. ರಾ.’ ಇದ್ರೆ ಗಟ್ಟಿ. ಗಣಪತಿ ಸೊಂಡ್ಲು ಕಂಡ್ರೆ ಶುಂಠಿ. ನೀನೇ ಮಾಡಿಟ್ಟಿದೀಯಾ, ನಂಗೇನ್ ಗೊತ್ತು?” ಎರಡನೆಯ ಕಟ್ಟಿಗೆ ಅವಳು ಹಿಂಬದಿಯಲ್ಲಿ ಬರೀ ಕುಂಕುಮ ಬಣ್ಣವಿದ್ದ ಒಂದೇ ಬಗೆಯ ಕಾಗದ ಹುಡುಕಿ ತೆಗೆದಳು.

ನಿಯಮವನ್ನು ಒಂದೇ ಪುಟದಲ್ಲಿ ಮುಗಿಸಿದಳು. ಎದುರಾಳಿಗೊಂದು ಹೆಸರಿದ್ದರೆ ಚೆಂದ ಎಂದು ‘ಪಕ್ಕದಂಗಡಿಯವನು’ ಎಂದು ಬರೆದಳು. ಪುಟದ ಕೊನೆಗೆ ಬರುವಾಗ ಪಿರಿಯಾಪಟ್ಟಣದ ಚನ್ನಬಸವಣ್ಣನವರು ಮಗನ ಗೃಹಪ್ರವೇಶದ ಪತ್ರಿಕೆಗೆ ಬಂದು ನಿಂತಿದ್ದರು. ಎರಡು ಸಾಲಿನಲ್ಲಿ ಮೂಟೆ ಸಮ ಬಂದರೆ ಏನು ಮಾಡುವುದು ಎಂಬುದೊಂದು ಬಾಕಿಯಿತ್ತು. ‘ಸಾಲುಗಳು ಸಮ ಬಂದರೆ ಅವುಗಳಲ್ಲಿ ಒಳ್ಳೆಯದನ್ನು ಆರಿಸಿ’ ಎಂದು ಗೀಚಿ ಪೆನ್ನು ಮುಚ್ಚಿದಳು.

ಇನ್ನು ಪರೀಕ್ಷೆ. ತಾನೇ ಆಡಿ ನೋಡಿದರೆ ಲೆಕ್ಕಕ್ಕಿಲ್ಲ. ಆಟ ಮಾಡಿದವಳಿಗೆ ನಿಯಮದಲ್ಲಿ ಇಲ್ಲದ್ದೂ ಗೊತ್ತಿರುತ್ತದೆ. ಗಂಡನಿಗೆ ಬೆನ್ನು ನೋಡುವ ಚಾಳಿ ಬಿದ್ದಿತ್ತು. ಏನೂ ಹೇಳದೆ, ಬರೀ ಡಬ್ಬಿ ಮತ್ತು ಆ ಒಂದು ಪುಟ ಕೈಗೆ ಕೊಟ್ಟರೆ ತಾವೇ ಓದಿಕೊಂಡು ಆಡುವವರು ಬೇಕು. ಅದೂ ಒಬ್ಬರೇ ಇರುವವರು, ಪುರಸೊತ್ತಿರುವವರು. ಯೋಚಿಸಿದಾಗ ಅವಳಿಗೆ ಹೊಳೆದದ್ದು ಸೋದರಮಾವ ಅಂಕಯ್ಯ.

ಅಂಕಯ್ಯ ಬೀಚನಹಳ್ಳಿಯಲ್ಲಿ ಸೌಡಿ; ಅಂದರೆ ನಾಲೆಯ ಗೇಟು ನೋಡಿಕೊಳ್ಳುವವನು. ಹಗಲು ಪಾಳಿ. ಗೇಟಿನ ಪಕ್ಕದಲ್ಲಿ ಒಂದು ಕೋಣೆ, ಒಂದು ಮೇಜು, ಒಂದು ರಿಜಿಸ್ಟರು. ಗಂಟೆಗೊಮ್ಮೆ ಹೋಗಿ ಅಳತೆಪಟ್ಟಿ ನೋಡಿ ಬರೆದುಕೊಂಡು ಫೋನ್ ಮಾಡಿ ಹೇಳಿದರೆ ಮುಂದಿನ ಗಂಟೆಯವರೆಗೆ ಅವನನ್ನು ಕೇಳುವವರಿಲ್ಲ. ಪ್ರಾಮಾಣಿಕತೆಗೆ ಹೆಸರಾದ ಮನುಷ್ಯ. ಮೂವತ್ತು ವರ್ಷದಲ್ಲಿ ಒಂದು ಅಂಗುಲ ನೀರು ಹೆಚ್ಚಿಗೆ ಬರೆದವನಲ್ಲ, ಕಡಿಮೆ ಬರೆದವನಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷಕ ಎಲ್ಲಿ ಸಿಗಬೇಕು? ಆ ಕಡೆ ಹೋಗುವ ಬಸ್ಸಿನಲ್ಲಿ ಚಲುವರಾಜು ಡಬ್ಬಿ ತಲುಪಿಸಿದ.

ಮೂರನೇ ದಿನದಿಂದ ಪವಿತ್ರಾಳ ಫೋನಿಗೆ ರಿಜಿಸ್ಟರಿನಂಥ ಪುಟದ ಫೋಟೋ ಬರತೊಡಗಿದವು. ದುಂಡಗಿನ ಅಕ್ಷರ. ‘ಬೆಳಿಗ್ಗೆ 10-20. ಆಟ 1. ಪಕ್ಕದಂಗಡಿ 12, ನಾನು 5. ಸೋತೆ. ನಾಲೆ ಸಹಜ.’ ‘11-15. ಆಟ 2. ಪಕ್ಕದಂಗಡಿ 14, ನಾನು 3. ಸೋತೆ. ನಾಲೆ ಸಹಜ.’ ಹತ್ತು ಆಟದಲ್ಲಿ ಎಂಟು ಸೋಲು.

ಪವಿತ್ರಾ ಕಸಿವಿಸಿಗೊಂಡಳು. ಒಬ್ಬನೇ ಆಡಲು ಕೂತವನು ಹತ್ತಕ್ಕೆ ಎಂಟು ಸೋತರೆ ಹನ್ನೊಂದನೆಯದಕ್ಕೆ ಡಬ್ಬಿ ಮುಚ್ಚಿಡುತ್ತಾನೆ. ಎದುರಾಳಿ ತುಂಬ ಬಲಶಾಲಿಯಾದ. ಒಂದು ಅಡ್ಡಗಾಲು ಕಾರ್ಡು ತೆಗೆದು ಅದರ ಬದಲು ಹೊಸದೊಂದು ಹಾಕಿದಳು: ‘ಪಕ್ಕದಂಗಡಿಯವನು ಚಹಾಕ್ಕೆ ಹೋದ. ಈ ಸಲ ಮೂಟೆ ಇಡುವುದಿಲ್ಲ.’ ಅದನ್ನು ಬಸ್ಸಿನಲ್ಲಿ ಕಳಿಸಿದಳು.

ಮುಂದಿನ ಹತ್ತರಲ್ಲಿ ಎಂಟು ಸೋಲು. ‘ಪಕ್ಕದಂಗಡಿ 15, ನಾನು 2. ಸೋತೆ. ನಾಲೆ ಸಹಜ.’

ಎರಡು ಚಹಾ ಮಾಡಿದಳು. ಏಳು ಸೋಲು. ನಾಲ್ಕು ಚಹಾ ಮಾಡಿದಳು. ಮತ್ತೆ ಎಂಟು. ಹದಿನೈದು ಕಾರ್ಡಿನಲ್ಲಿ ನಾಲ್ಕು ಸಲ ಎದ್ದು ಹೋಗುವ ಎದುರಾಳಿ ಮಾವನನ್ನು ಇನ್ನೂ ಸೋಲಿಸುತ್ತಿದ್ದಾನೆಂದರೆ ಮಾವನ ತಲೆಗೇನಾಗಿದೆ ಎಂದು ಅವಳಿಗೇ ಗಾಬರಿಯಾಯಿತು. ಫೋನ್ ಮಾಡಿ, “ಮಾವ, ನಿಮ್ಗೆ ಆಟ ಅರ್ಥ ಆಗೈತೆ ತಾನೆ?” ಎಂದಳು.

“ಆಗ್ದೇ ಏನವ್ವಾ? ಭಾಳ ಚೆಂದಾಗೈತೆ. ಒತ್ತು ಓಗದೇ ಗೊತ್ತಾಗಾಕಿಲ್ಲ.”

“ಸೋತ್ರೆ ಬೇಜಾರಾಗಲ್ವಾ?”

“ಸೋಲೂ ಗೆಲುವೂ ಇದ್ದಿದ್ದೇ ಬುಡು ಮಗ” ಎಂದ ಅಂಕಯ್ಯ, ಬಲು ಪ್ರಸನ್ನನಾಗಿ.

ಗಡುವು ಹತ್ತಿರ ಬಂದಿತ್ತು. ಇನ್ನೇನು ಮಾಡುವುದು ಎಂದು ನಾಲ್ಕು ಚಹಾದ ಕಟ್ಟನ್ನೇ ಬಸವಪ್ರಸಾದನಿಗೆ ಕಳಿಸಿದಳು. ವಾರದ ಮೇಲೆ ಅವನ ಫೋನ್ ಬಂತು.

“ಮೇಡಂ, ನಮ್ಮಲ್ಲಿ ಮೂರು ಜನ ಆಡಿದ್ರು. ಮೂರೂ ಜನ ಮೊದಲನೇ ಆಟದಲ್ಲೇ ಗೆದ್ರು. ಹದಿನೈದು–ಎರಡು. ಹದಿನೈದು–ಎರಡು. ಒಬ್ಬ ಹದಿನೇಳು–ಸೊನ್ನೆ. ಅವನು ಫೋನಲ್ಲಿ ಮಾತಾಡ್ತಾ ಆಡಿದ್ದ.” ಆಮೇಲೆ ಕೇಳಿದ, “ನಿಮ್ಮ ಪಕ್ಕದಂಗಡಿಯವನು ಸಂತೆಗೆ ಬಂದಿರೋದು ವ್ಯಾಪಾರಕ್ಕಾ, ಚಹಾಕ್ಕಾ?”

ಪವಿತ್ರಾಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. “ಸರ್, ನಮ್ಮಲ್ಲಿ ನಲವತ್ತು ಆಟ ಆಡಿಸಿದೀನಿ. ಅದ್ರಲ್ಲಿ ಮೂವತ್ತೊಂದು ಅವನೇ ಗೆದ್ದಿದಾನೆ.”

“ಯಾರ್ ಆಡಿದ್ದು?”

“ನಮ್ ಸೋದರಮಾವ.”

ಬಸವಪ್ರಸಾದ್ ಬಹಳ ಮರ್ಯಾದೆಯಿಂದ, “ಒಂದ್ಸಲ ಅವರು ಆಡೋವಾಗ ಪಕ್ಕದಲ್ಲಿ ಕೂತು ನೋಡಿ ಮೇಡಂ. ಹತ್ತು ದಿನ ಟೈಮಿದೆ” ಎಂದ.

ಮರುದಿನವೇ ಪವಿತ್ರಾ ಅಂಗಡಿಗೆ ಬಾಗಿಲು ಹಾಕಿ, ಎಚ್.ಡಿ. ಕೋಟೆಗೆ ಹೋಗಿ, ಅಲ್ಲಿಂದ ಬೀಚನಹಳ್ಳಿಯ ಬಸ್ಸು ಹಿಡಿದಳು. ಹನ್ನೊಂದು ಗಂಟೆಗೆ ಗೇಟಿನ ಕೋಣೆ ತಲುಪಿದಾಗ ಅಂಕಯ್ಯ ಹಲಗೆ ಹಾಸಿಕೊಂಡು ಕೂತಿದ್ದ. ಅವನೆದುರು ಇನ್ನೊಂದು ಸ್ಟೂಲು. ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಗುರುತಿತ್ತು. ಕಾರ್ಡಿನ ಕಟ್ಟು ಆ ಸ್ಟೂಲಿನ ಎದುರಿಗಿತ್ತು.

“ಬಾ ಮಗ, ಬಾ. ನಿಮ್ಮತ್ತೆ ಊಟ ತಗಬತ್ತಾಳೆ. ಕೂತ್ಕೊ. ಅಲ್ಲಲ್ಲ, ಅಲ್ಲಿ ಬೇಡ, ಅದು ಅವನ ಜಾಗ. ಆ ಬೆಂಚ್ ಮ್ಯಾಲೆ ಕೂತ್ಕೊ.”

ಪವಿತ್ರಾ ಬೆಂಚಿನ ಮೇಲೆ ಕೂತಳು. “ನೀವು ಆಡಿ ಮಾವ. ನಾನೇನೂ ಮಾತಾಡಲ್ಲ.”

ಅಂಕಯ್ಯ ತೆಂಗಿನಕಾಯಿ ಸಾಲಿನಲ್ಲಿ ಒಂದು ಮೂಟೆ ಇಟ್ಟ. ಕಾರ್ಡು ತಿರುಗಿಸಿದ. ‘ಗಟ್ಟಿ’. ಪಕ್ಕದಂಗಡಿಯವನ ಮೂಟೆ ಇನ್ನೂ ಎಲ್ಲೂ ಇರಲಿಲ್ಲ, ಐದೂ ಸಾಲು ಸಮ. ಅಂಕಯ್ಯ ಪುಟ ಓದಿದ. “ಸಮ ಬಂದ್ರೆ ಒಳ್ಳೇದನ್ನ ಆರಿಸಿ” ಎಂದು ಗಟ್ಟಿಯಾಗಿ ಓದಿ, ತಡಮಾಡದೆ ಪಕ್ಕದಂಗಡಿಯವನ ಮೂಟೆಯನ್ನು ಶುಂಠಿಯಲ್ಲಿಟ್ಟ. ತಾನು ಎಲೆಯಲ್ಲಿ ಇಟ್ಟ. ಮತ್ತೆ ಕಾರ್ಡು: ‘ಅಡ್ಡಗಾಲು’. ತೆಂಗು ಮತ್ತು ಎಲೆ ಸಮ. ಒಂದಿಷ್ಟು ಯೋಚಿಸಿ ಎಲೆಯಲ್ಲಿಟ್ಟ. “ಎಲೆಗೆ ನಾಕಲ್ವಾ. ಅವನ್ಗೆ ಅದೇ ಒಳ್ಳೇದು” ಎಂದುಕೊಂಡ.

ಪವಿತ್ರಾ ತುಟಿ ಕಚ್ಚಿಕೊಂಡಳು.

ಐದನೆಯ ಸರದಿಗೆ ‘ಚಹಾಕ್ಕೆ ಹೋದ’ ಬಂತು. ಅಂಕಯ್ಯ ಕಾರ್ಡು ಕೆಳಗಿಟ್ಟು, ತನ್ನ ಮೂಟೆಯ ಡಬ್ಬಿಗೆ ಕೈಹಾಕದೆ, ಕಿಟಕಿಯಾಚೆ ನಾಲೆ ನೋಡುತ್ತ ಸುಮ್ಮನೆ ಕೂತ. ಒಂದು ನಿಮಿಷವಾಯಿತು.

“ಮಾವ, ನಿಮ್ ಸರದಿ” ಎಂದು ಪವಿತ್ರಾ ಕೊಟ್ಟ ಮಾತು ಮುರಿದಳು.

“ಗೊತ್ತು ಕಣವ್ವ. ಅವನು ಚಾ ಕುಡ್ಯಾಕೋಗವ್ನಲ್ಲ.”

“ಅದ್ಕೆ?”

“ಅದ್ಕೇ ನಾನೂ ಈ ಸರದಿ ಬುಟ್ಟೆ. ಅವನಿಲ್ದಾಗ ಜಾಗ ಇಡ್ಕಳದು ಸರೀನಾ? ನಾಳಿಕೆ ಅದೇ ಸಂತೇಲಿ ಅವನ ಪಕ್ಕದಾಗೇ ಕೂರ್ಬೇಕಲ್ವಾ ನಾನು? ಪಕ್ಕದಂಗಡಿಯೋನು ಅಂತ ನೀನೇ ಬರ್ದಿದ್ದೀಯ.”

ನಾಲ್ಕು ಚಹಾ ಹಾಕಿದರೂ ಸೋಲು ಯಾಕೆ ಕಡಿಮೆಯಾಗಲಿಲ್ಲ ಎಂದು ಪವಿತ್ರಾಳಿಗೆ ತಿಳಿಯಿತು. ಎದುರಾಳಿ ಎದ್ದು ಹೋದಷ್ಟು ಸಲವೂ ಮಾವನೂ ಆಟ ನಿಲ್ಲಿಸಿ ಕಾದಿದ್ದ. ನಗಬೇಕೋ ಅಳಬೇಕೋ ಗೊತ್ತಾಗದೆ ಅವಳು ಕೇಳಿದಳು, “ಮಾವ, ಸಮ ಬಂದಾಗೆಲ್ಲ ನೀವು ಅವನ್ಗೆ ಒಳ್ಳೇದಾಗಂಗೇ ಇಡ್ತಿದ್ದೀರಲ್ಲ?”

“ನೀನೇ ಬರ್ದಿದ್ದೀಯಲ್ಲವ್ವಾ, ಒಳ್ಳೇದನ್ನ ಆರಿಸಿ ಅಂತ! ಅವನ ಮೂಟೆ ಇಡಾದು ಅಂದ್ರೆ ಅವನ್ಗೆ ಒಳ್ಳೇದಾಗ್ಬೇಕು ತಾನೆ? ಪಾಪ, ಅವನ್ಗೆ ಕಣ್ಣಿಲ್ಲ, ಕೈಯಿಲ್ಲ. ನನ್ನ ನಂಬ್ಕೊಂಡು ಕೂತವ್ನೆ.”

ಅಷ್ಟರಲ್ಲಿ ಬಾಗಿಲಲ್ಲಿ ಟಿಫನ್ ಕ್ಯಾರಿಯರ್ ಹಿಡಿದುಕೊಂಡು ಅತ್ತೆ ರಾಮಮ್ಮ ನಿಂತಿದ್ದಳು. ಅವಳು ಕೊನೆಯ ಮಾತು ಕೇಳಿಸಿಕೊಂಡಿದ್ದಳು.

“ಅವನ್ಗೆ ಊಟಕ್ಕೊಂದು ಎಲೆ ಹಾಕದೊಂದು ಬಾಕಿ ನೋಡು ಪವಿತ್ರಾ! ಆವತ್ತು ನಾನ್ ಬಂದಾಗ ಆ ಸ್ಟೂಲ್ ಮ್ಯಾಲೆ ಕೂತ್ರೆ ಏಳು ಅಂದ್ರು. ಮನುಷ್ಯರು ಬಂದವ್ರೆ, ಕಾರ್ಡ್ ಎದ್ದೇಳ್ಬಾರ್ದಾ?” ಕ್ಯಾರಿಯರ್ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಸರೀರಿ ಅತ್ಲಾಗೆ. ನಾನ್ ಆಡ್ತೀನಿ. ಎಲ್ಲಿ ಆ ಪುಟ?” ಎಂದಳು.

ಆಕೆ ಏಳನೇ ಕ್ಲಾಸು ಓದಿದವಳು. ಪುಟವನ್ನು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಹಲಗೆ ಖಾಲಿ ಮಾಡಿ, ಕಾರ್ಡು ಕಲಸಿ, ಮೊದಲ ಮೂಟೆಯನ್ನೇ ಶುಂಠಿಯಲ್ಲಿ ಬಡಿದಳು. ಕಾರ್ಡು ‘ಗಟ್ಟಿ’ ಬಂತು. ಐದೂ ಸಾಲು ಸಮ. “ಒಳ್ಳೇದನ್ನ ಆರಿಸಿ” ಎಂದು ಓದಿ, ಪಕ್ಕದಂಗಡಿಯವನ ಮೂಟೆ ತೆಗೆದು ರಾಗಿ ಸಾಲಿನ ತುದಿಗೆ ಹಾಕಿದಳು.

“ಅತ್ತೆ, ಅಲ್ಯಾಕೆ?” ಎಂದಳು ಪವಿತ್ರಾ.

“ಅದೇ ಒಳ್ಳೇದು.”

“ಯಾರಿಗೆ?”

“ನನ್ಗೆ! ಆಡ್ತಿರೋಳು ನಾನು ತಾನೆ? ಅವನ್ಗೆ ಒಳ್ಳೇದು ಮಾಡಾಕೆ ನಾನೇನ್ ಅವನ ಚಿಕ್ಕಮ್ಮನಾ?”

ಅಂಕಯ್ಯ ಬೆಂಚಿನ ತುದಿಯಲ್ಲಿ ಕೂತು ಸಂಕಟಪಡುತ್ತ ನೋಡಿದ. ಎರಡನೇ ‘ಗಟ್ಟಿ’ಗೆ ರಾಗಿಯಲ್ಲೇ ಎರಡನೇ ಮೂಟೆ ಬಿತ್ತು, ಮೂರನೆಯದಕ್ಕೆ ಮೂರನೆಯದು. ಉಳಿದಿದ್ದ ಒಂದು ಅಡ್ಡಗಾಲಿನಲ್ಲಿ ಸಮ ಬಂದಾಗಲೂ ರಾಮಮ್ಮ ಅಗ್ಗದ ಸಾಲೇ ಹುಡುಕಿದಳು. ಪಕ್ಕದಂಗಡಿಯವನು ಚಹಾಕ್ಕೆ ಹೋದಾಗ, “ಓಗಿ ಬರ್ಲಿ, ನಿಧಾನಕ್ಕೆ ಬರ್ಲಿ” ಎಂದು ಎಲೆಯಲ್ಲೊಂದು ಮೂಟೆ ಇಟ್ಟಳು. ಹದಿನೈದು–ಎರಡು. ಎದುರಾಳಿಗೆ ಸಿಕ್ಕಿದ್ದು ರಾಗಿ ಸಾಲು ಮಾತ್ರ.

ಮೈಸೂರಿನವರ ಅಂಕ! ಪವಿತ್ರಾ ಆ ಒಂದು ಪುಟವನ್ನು ಎತ್ತಿಕೊಂಡು ನೋಡಿದಳು. ಅದೇ ಪುಟ, ಅದೇ ಹದಿನೈದು ಕಾರ್ಡು, ಒಂದೇ ಮನೆಯ ಇಬ್ಬರು. ಒಬ್ಬರಿಗೆ ಎದುರಾಳಿ ದೈತ್ಯ, ಇನ್ನೊಬ್ಬರಿಗೆ ಬೆಪ್ಪ. ಎದುರಾಳಿಯಲ್ಲಿ ದೋಷವೇ ಇರಲಿಲ್ಲ. ಅವಳು ಅವಸರದಲ್ಲಿ ಗೀಚಿದ ಆ ಕೊನೆಯ ಸಾಲಿನಲ್ಲಿ ಎದುರಾಳಿಯ ಬುದ್ಧಿಯನ್ನು ಆಡುವವನ ಕೈಗೇ ಕೊಟ್ಟುಬಿಟ್ಟಿದ್ದಳು. ಕರುಣೆ ಇದ್ದವನು ಕರುಣೆಯಿಂದ ಆಡಿಸುತ್ತಿದ್ದ, ಗೆಲ್ಲಬೇಕೆಂದವಳು ಗೆಲ್ಲುವ ಹಾಗೆ ಆಡಿಸುತ್ತಿದ್ದಳು. ಅವಳು ಮಾತ್ರ ವಾರಕ್ಕೊಂದು ಚಹಾ ಕಾಯಿಸಿ ಕಳಿಸುತ್ತ ಕೂತಿದ್ದಳು.

“ಮಾವ, ಒಂದ್ ಪೆನ್ ಕೊಡಿ.”

ಅಂಕಯ್ಯ ಕಿಸೆಯಿಂದ ರಿಜಿಸ್ಟರು ಬರೆಯುವ ಪೆನ್ನು ಕೊಟ್ಟ. ಪವಿತ್ರಾ ಮೊದಲು ನಾಲ್ಕೂ ಚಹಾ ಕಾರ್ಡಿನ ಮೇಲೆ ಗೀಟು ಎಳೆದು ‘ಅಡ್ಡಗಾಲು’ ಎಂದು ಬರೆದಳು. ಆಮೇಲೆ ಹದಿನೈದು ಕಾರ್ಡಿನ ಕೆಳಗೂ ಒಂದೊಂದು ಬಾಣ ಬರೆದಳು. ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಪುಟದ ಕೊನೆಯ ಸಾಲು ಹೊಡೆದು ಹಾಕಿ ಹೀಗೆ ಬರೆದಳು: ‘ಸಾಲುಗಳು ಸಮ ಬಂದರೆ, ಅವುಗಳಲ್ಲಿ ಬಾಣ ತೋರಿಸುವ ಕಡೆಯ ಕೊನೆಯ ಸಾಲಿನಲ್ಲಿ ಇಡಿ. ಇಡಬೇಕಾದ ಸಾಲು ತುಂಬಿದ್ದರೆ ಬಾಣದ ಕಡೆಗೆ ಮುಂದಿನ ಖಾಲಿ ಜಾಗವಿರುವ ಸಾಲು. ತುದಿ ಮುಟ್ಟಿದರೆ ಇನ್ನೊಂದು ತುದಿಯಿಂದ ಮುಂದುವರಿಸಿ.’

“ಈಗ ಆಡಿ ಮಾವ.”

ಅಂಕಯ್ಯ ಆಡಿದ. ಮೂರನೆಯ ಸರದಿಗೆ ‘ಗಟ್ಟಿ’ ಬಂದು ಎಲೆಯೂ ರಾಗಿಯೂ ಸಮವಾದವು. ಅಭ್ಯಾಸಬಲದಿಂದ ಅವನ ಕೈ ಎಲೆಯ ಕಡೆ ಹೋಯಿತು. ಬಾಣ ಎಡಕ್ಕಿತ್ತು.

“ರಾಗಿಗೆ ಇಡ್ಬೇಕಾ?”

“ಬಾಣ ಅಂಗೇ ಐತಲ್ಲ.”

“ಅವನ್ಗೆ ನಷ್ಟ ಆಯ್ತದೆ ಕಣವ್ವ.”

“ಆಗ್ಲಿ ಮಾವ. ಅವನ ಹಣೆಬರಹ. ನಿಮ್ಗೂ ಅದಕ್ಕೂ ಸಂಬಂಧ ಇಲ್ಲ.”

ಅಂಕಯ್ಯ ಮನಸ್ಸಿಲ್ಲದ ಮನಸ್ಸಿನಿಂದ ರಾಗಿಯಲ್ಲಿಟ್ಟ. ಅಷ್ಟಕ್ಕೆ ಸುಮ್ಮನಾಗದೆ, ಬಾಣವನ್ನು ಯಾರಾದರೂ ತಲೆಕೆಳಗಾಗಿ ಹಿಡಿದರೆ ಬಲಕ್ಕಾಗುವುದಿಲ್ಲವೇ ಎಂದು ಕಾರ್ಡು ತಿರುಗಿಸಿ ತೋರಿಸಿದ. ಒಳ್ಳೆಯ ಪ್ರಶ್ನೆ! ಆದರೆ ಕೇಳಿದವನ ಉದ್ದೇಶ ಒಳ್ಳೆಯದಿರಲಿಲ್ಲ. ಅಕ್ಷರ ನೇರ ಇರುವ ಹಾಗೇ ಕಾರ್ಡು ಇಡಬೇಕು ಎಂದು ಪವಿತ್ರಾ ಇನ್ನೊಂದು ಸಾಲು ಸೇರಿಸಿದಳು. ರಾಮಮ್ಮ ಹಿಂದಿನಿಂದ ಬಗ್ಗಿ ನೋಡಿ, “ಇದ್ರಲ್ಲಿ ನನ್ ಮಾತೂ ನಡಿಯಂಗಿಲ್ವಾ?” ಎಂದಳು. ಇಬ್ಬರಿಗೂ ಒಂದೇ ಸಲ ಅಸಮಾಧಾನವಾದದ್ದು ಕಂಡು ಪವಿತ್ರಾಳಿಗೆ ಸರಿಯಾದ ದಾರಿ ಹಿಡಿದೆ ಎಂದು ಧೈರ್ಯ ಬಂತು.

ಅವತ್ತು ಮಧ್ಯಾಹ್ನ ಮುದ್ದೆ, ಉಪ್ಪುಸಾರು ಉಂಡು, ಮೂವರೂ ಸೇರಿ ಒಂಬತ್ತು ಆಟ ಆಡಿದರು. ಗಂಟೆಗೊಮ್ಮೆ ಅಂಕಯ್ಯ ಎದ್ದು ಹೋಗಿ ಅಳತೆ ನೋಡಿ ಬಂದ. ರಾಮಮ್ಮನೂ ಅಂಕಯ್ಯನೂ ಹೆಚ್ಚುಕಡಿಮೆ ಒಂದೇ ಸಮ ಸೋತರು, ಒಂದೇ ಸಮ ಗೆದ್ದರು. ಆದರೆ ಗೆಲುವು ಸ್ವಲ್ಪ ಹೆಚ್ಚೇ ಆಗುತ್ತಿತ್ತು. ಊರಿಗೆ ವಾಪಸು ಬರುವ ಬಸ್ಸಿನಲ್ಲಿ ಪವಿತ್ರಾಳಿಗೆ ಅದಕ್ಕೂ ಉಪಾಯ ಹೊಳೆಯಿತು. ಬೆಲೆಬಾಳುವ ಶುಂಠಿ, ಎಲೆ ಎರಡೂ ಹಲಗೆಯ ಬಲಗಡೆಗಿವೆ. ಬಲಕ್ಕೆ ತೋರಿಸುವ ಬಾಣ ಹೆಚ್ಚಿಸಿದರೆ ಎದುರಾಳಿ ಚುರುಕಾಗುತ್ತಾನೆ, ಎಡಕ್ಕೆ ತೋರಿಸುವುದು ಹೆಚ್ಚಿಸಿದರೆ ಮೆತ್ತಗಾಗುತ್ತಾನೆ. ಅವನನ್ನು ಎಬ್ಬಿಸಿ ಎಲ್ಲಿಗೂ ಕಳಿಸಬೇಕಾಗಿಲ್ಲ! ಅವಳು ಇದನ್ನು ಪಕ್ಕದ ಸೀಟಿನ ಹೆಂಗಸಿಗೆ ಹೇಳಿಯೂಬಿಟ್ಟಳು. ಆಕೆ ಕೋಳಿಯ ಬುಟ್ಟಿಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡಳು.

ಬಲಕ್ಕೆ ಏಳು, ಎಡಕ್ಕೆ ಎಂಟು ಎಂದು ಶುರುಮಾಡಿ, ಕೊನೆಗೆ ಒಂಬತ್ತು ಬಾಣ ಬಲಕ್ಕೆ, ಆರು ಎಡಕ್ಕೆ ಎಂದು ಗಟ್ಟಿಯಾಯಿತು. ಮೈಸೂರಿನ ಮೂವರು, ಅವರ ಸ್ನೇಹಿತರಿಬ್ಬರು, ರಾಮಮ್ಮ, ಅಂಕಯ್ಯ, ಬೆನ್ನು ನೋಡುವ ಚಾಳಿ ಬಿಟ್ಟ ಚಲುವರಾಜು ಎಲ್ಲರ ಆಟ ಸೇರಿ ಎಪ್ಪತ್ತಾದವು. ಅದರಲ್ಲಿ ಆಡುವವರು ಗೆದ್ದದ್ದು ಮೂವತ್ತೆರಡು. ಯಾರ ಕೈಯಲ್ಲೂ ಪಕ್ಕದಂಗಡಿಯವನು ಬೇರೆ ಬೇರೆ ಮನುಷ್ಯನಾಗಲಿಲ್ಲ. ಬಸವಪ್ರಸಾದ್, “ಈಗ ಸರಿ ಹೋಯ್ತು ಮೇಡಂ. ನಿನ್ನೆ ನಾನೇ ಎರಡು ಸಲ ಸೋತೆ, ನಮ್ಮನೆಯವರು ಕರೆದ್ರೂ ಏಳಲಿಲ್ಲ” ಎಂದ. ಫೈಲು ಅಚ್ಚಿಗೆ ಹೋಗುವ ದಿನ ಗೊತ್ತಾಯಿತು.

ಆದರೂ ಪವಿತ್ರಾಳಿಗೆ ಒಂದು ಅಳುಕು. ಲೆಕ್ಕವೇನೋ ಸರಿ. ಬಾಣ ನೋಡಿ ಮೂಟೆ ಇಡುವ ಎದುರಾಳಿಯ ಎದುರು ಕೂತು ಆಡಲು ಯಾರಿಗಾದರೂ ಮನಸ್ಸು ಬರುತ್ತದೆಯೇ? ಮಾವನಿಗಂತೂ ಆ ಹಳೆಯವನ ಮೇಲೆ ಜೀವವಿತ್ತು. ಅವನನ್ನು ನಾನೇ ಯಂತ್ರ ಮಾಡಿಬಿಟ್ಟೆನೇ?

ಫೈಲು ಕಳಿಸುವ ಹಿಂದಿನ ದಿನ ಬೆಳಿಗ್ಗೆ ಅಂಕಯ್ಯನ ಫೋನ್ ಬಂತು. ದನಿ ಬಿಗಿಯಾಗಿತ್ತು.

“ಪವಿತ್ರಾ, ನಿನ್ ಪಕ್ಕದಂಗಡಿಯೋನು ಸರಿಯಿಲ್ಲ ಕಣವ್ವ.”

“ಯಾಕ್ ಮಾವ, ಏನಾಯ್ತು?” ನಿಯಮದಲ್ಲಿ ಇನ್ನೊಂದು ತೂತು ಸಿಕ್ಕಿತೇನೋ!

“ನಿನ್ನೆ ಶುಂಠಿ ಸಾಲಲ್ಲಿ ನಂದು ಎಲ್ಡು, ಅವನ್ದು ಎಲ್ಡು. ಒಂದೇ ಜಾಗ ಉಳಿದಿತ್ತು. ನನ್ ಸರದಿಗೆ ಅದ್ನ ಇಡಿಯಾನ ಅಂದ್ರೆ ಎಲೆ ಸಾಲು ಓಯ್ತದೆ. ಎಲೆ ಉಳಿಸ್ಕಂಡೆ. ಇವನು ಕಾರ್ಡ್ ತಿರುಗಿಸ್ದೇಟ್ಗೆ ‘ಗಟ್ಟಿ’! ತೆಂಗೂ ಶುಂಠೀನೂ ಸಮ, ಬಾಣ ಬಲಕ್ಕೆ! ನೇರ ಬಂದು ಶುಂಠೀಲಿ ಕೂತ. ನೋಡ್ಕೊಂಡೇ ಕೂತವ್ನೆ, ಗೊತ್ತಾಯ್ತಾ? ನಾನು ಅಲ್ಲಿ ಕಣ್ಣಿಟ್ಟಿರಾದು ಅವನ್ಗೆ ಗೊತ್ತಿತ್ತು!”

“ಅವನ್ಗೆ ಕಣ್ಣಿಲ್ಲ ಮಾವ. ಅದು ಬರೀ ಕಾರ್ಡು.”

“ನಿನ್ಗೆ ಗೊತ್ತಿಲ್ಲ ಸುಮ್ಕಿರು. ಇಷ್ಟ್ ದಿನ ಎಂಗ್ ನೋಡ್ಕಂಡಿದ್ದೆ ಅವನ್ನ! ಆ ಉಪ್ಕಾರನಾದ್ರೂ ನೆನೀಬ್ಯಾಡ್ವಾ? ಇವತ್ ಮೂರು ಆಟ ಆಕ್ತೀನಿ. ಬುಡಾಕಿಲ್ಲ ಅವನ್ನ. ಮಾತೂ ಆಡ್ಸಾಕಿಲ್ಲ.”

ಫೋನ್ ಇಟ್ಟುಬಿಟ್ಟ.

ಪವಿತ್ರಾ ಕಂಪ್ಯೂಟರಿನ ಮುಂದೆ ಕೂತು, ಡಬ್ಬಿಯ ಹಿಂಬದಿಯ ಚಿತ್ರದಲ್ಲಿ ‘ಇಬ್ಬರಿಗೆ’ ಎಂದಿದ್ದುದನ್ನು ಅಳಿಸಿ ‘ಒಬ್ಬರಿಗೆ ಅಥವಾ ಇಬ್ಬರಿಗೆ’ ಎಂದು ಟೈಪ್ ಮಾಡಿದಳು. ಅಕ್ಷರ ಒಂದೆಳೆ ದಪ್ಪ ಮಾಡಿದಳು. ನಾಳೆಯವರೆಗೆ ಕಾಯದೆ ಅವತ್ತೇ ಫೈಲು ಮೈಸೂರಿಗೆ ಕಳಿಸಿದಳು.